ಬಡ್ಡಿ ಏರಿದರೆ ಇಂದಿನ ಖರ್ಚು ಇಳಿಯುತ್ತದೆಯೇ? ಒಂದೇ ಆಯ್ಕೆ, ಮೂರು ಉತ್ತರ

ಮೂರು ಜನರನ್ನು ತೆಗೆದುಕೊಳ್ಳೋಣ. ಮೂವರೂ ಈ ದಶಕದಲ್ಲಿ 125 ಖರ್ಚು ಮಾಡುತ್ತಾರೆ, ಮುಂದಿನ ದಶಕದಲ್ಲಿ 150. ಮೂವರ ಅಭಿರುಚಿ ಒಂದೇ, ಒಟ್ಟು ಸಂಪತ್ತೂ ಒಂದೇ, ಎದುರಿಸುವ ಬಡ್ಡಿ ದರವೂ ಒಂದೇ. ಅವರ ಖರ್ಚಿನ ಲೆಕ್ಕವನ್ನಷ್ಟೇ ನೋಡಿದವರಿಗೆ ಯಾರು ಯಾರೆಂದು ಗುರುತಿಸಲು ಏನೂ ಸಿಗುವುದಿಲ್ಲ. ಆಮೇಲೆ ಬಡ್ಡಿ ಏರುತ್ತದೆ. ಒಬ್ಬ ಇಂದಿನ ಖರ್ಚನ್ನು 125ರಿಂದ 110ಕ್ಕೆ ಇಳಿಸುತ್ತಾನೆ. ಇನ್ನೊಬ್ಬಳು 120ಕ್ಕೆ ಇಳಿಸುತ್ತಾಳೆ. ಮೂರನೆಯವರು 125ರಿಂದ ಕದಲುವುದೇ ಇಲ್ಲ.

ಯಾರೂ ತಪ್ಪು ಲೆಕ್ಕ ಹಾಕಿಲ್ಲ. ವ್ಯತ್ಯಾಸಕ್ಕೆ ಕಾರಣ ಒಂದೇ: ಅವರ ಆದಾಯ ಯಾವಾಗ ಕೈಗೆ ಬರುತ್ತದೆ ಎಂಬುದು. ಈ ಪ್ರಕರಣದ ಲೆಕ್ಕವನ್ನು ಕೊನೆಯವರೆಗೆ ಬಿಡಿಸಿದರೆ "ಬಡ್ಡಿ ಏರಿದರೆ ಜನ ಖರ್ಚು ಕಡಿಮೆ ಮಾಡುತ್ತಾರೆ" ಎಂಬ ಮಾತು ಎಲ್ಲಿಯವರೆಗೆ ನಿಜ, ಎಲ್ಲಿಂದಾಚೆ ಅಲ್ಲ ಎಂಬುದು ಕಾಣುತ್ತದೆ.

ಚೌಕಟ್ಟು

ಇರುವುದು ಎರಡೇ ಅವಧಿ, ಇಂದು ಮತ್ತು ನಾಳೆ. ಒಂದೊಂದು ಅವಧಿ ಹತ್ತು ವರ್ಷದ್ದು ಎಂದುಕೊಳ್ಳಿ. `y1`, `y2` ಎರಡು ಅವಧಿಗಳ ಆದಾಯ. `c1`, `c2` ಎರಡು ಅವಧಿಗಳ ಖರ್ಚು, ಅಂದರೆ ಅನುಭೋಗ. ಎಲ್ಲವನ್ನೂ ಒಂದೇ ಸ್ಥಿರ ಬೆಲೆಯಲ್ಲಿ ಅಳೆದಿದೆ, ಹಾಗಾಗಿ ಹಣದುಬ್ಬರವನ್ನು ಸದ್ಯಕ್ಕೆ ಮರೆಯಬಹುದು. `R` ಎಂದರೆ ಒಂದಕ್ಕೆ ಬಡ್ಡಿ ಸೇರಿಸಿದ ಮೊತ್ತ. `R = 1.2` ಆದರೆ ಇಂದು 100 ಉಳಿಸಿದವರಿಗೆ ನಾಳೆ 120 ಸಿಗುತ್ತದೆ, ಇಂದು 100 ಸಾಲ ಮಾಡಿದವರು ನಾಳೆ 120 ತೀರಿಸಬೇಕು. ಉಳಿತಾಯಕ್ಕೂ ಸಾಲಕ್ಕೂ ಒಂದೇ ದರ. ಇದು ವಾಸ್ತವವಲ್ಲ, ಮುಂದೆ ಇದನ್ನು ಸಡಿಲಿಸುತ್ತೇವೆ.

ಎರಡು ಅವಧಿಗಳನ್ನು ಕಟ್ಟಿಹಾಕುವ ಸಮೀಕರಣ ಇಷ್ಟೇ:

```
c1 + c2/R = y1 + y2/R = W
```

ಬಲಗಡೆಯ `W` ಎಂದರೆ ಇಂದಿನ ಮೌಲ್ಯಕ್ಕೆ ಇಳಿಸಿದ ಒಟ್ಟು ಆದಾಯ. ಎಡಗಡೆ ಇಂದಿನ ಮೌಲ್ಯಕ್ಕೆ ಇಳಿಸಿದ ಒಟ್ಟು ಖರ್ಚು. ನಾಳೆಯ ಒಂದು ಘಟಕ ಖರ್ಚಿನ ಬೆಲೆ, ಇಂದಿನ ಖರ್ಚಿನ ಲೆಕ್ಕದಲ್ಲಿ, `1/R`. ಬಡ್ಡಿ ಏರಿತು ಎಂದರೆ ನಾಳೆಯ ಖರ್ಚು ಅಗ್ಗವಾಯಿತು ಎಂದೇ ಅರ್ಥ. ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ ಬಡ್ಡಿಯನ್ನು ಹೀಗೆ ಇಂದು ಮತ್ತು ನಾಳೆಗಳ ನಡುವಿನ ಬೆಲೆಯಾಗಿ ನೋಡುವ ವಿಧಾನವನ್ನು ರೂಪಿಸಿದರು. ಇವತ್ತಿಗೂ ಪಾಠದಲ್ಲಿ ಬರುವ ಚಿತ್ರ ಅವರದ್ದೇ.

ಅಭಿರುಚಿಗೆ ಅತಿ ಸರಳವಾದ ರೂಪ ಸಾಕು: `U = ln c1 + ln c2`. `U` ಎಂದರೆ ಒಟ್ಟು ತೃಪ್ತಿ, `ln` ಎಂದರೆ ಸ್ವಾಭಾವಿಕ ಲಾಗರಿದಮ್. ಇಂದು, ನಾಳೆ ಎರಡಕ್ಕೂ ಸಮಾನ ತೂಕ. ಇದರಲ್ಲಿ ಸೀಮಾಂತ ಬದಲಿ ದರ, ಅಂದರೆ ಇಂದಿನ ಒಂದು ಘಟಕ ಖರ್ಚನ್ನು ಬಿಟ್ಟುಕೊಡಲು ನಾಳೆ ಎಷ್ಟು ಬೇಕು ಎಂಬುದು, `c2/c1`, ಅದು ಬಜೆಟ್ ರೇಖೆಯ ಇಳಿಜಾರಾದ `R`ಗೆ ಸಮನಾದಾಗ ಆಯ್ಕೆ ನಿಲ್ಲುತ್ತದೆ. ಎಂದರೆ `c2 = R·c1`. ಇದನ್ನು ಬಜೆಟ್ಟಿನಲ್ಲಿ ಹಾಕಿದರೆ `c1 = W/2`: ಒಟ್ಟು ಸಂಪತ್ತಿನ ಅರ್ಧ ಇಂದಿಗೆ, ಉಳಿದರ್ಧ ನಾಳೆಗೆ. ಇಷ್ಟು ಸೂತ್ರ ಗೊತ್ತಿದ್ದರೆ ಮುಂದಿನದ್ದೆಲ್ಲ ಕೂಡಿಸಿ ಕಳೆಯುವ ಕೆಲಸ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು, ಯಾಕೆಂದರೆ ಲೆಕ್ಕ ಮೊದಲು ಕೆಡುವುದು ಇಲ್ಲಿಯೇ. ಅವಧಿ ಹತ್ತು ವರ್ಷದ್ದಾದರೆ `R` ಕೂಡ ಹತ್ತು ವರ್ಷದ್ದಾಗಿರಬೇಕು. ಹತ್ತು ವರ್ಷಕ್ಕೆ 1.2 ಎಂದರೆ ವರ್ಷಕ್ಕೆ ಸುಮಾರು ಶೇ 1.84 ಚಕ್ರಬಡ್ಡಿ, 1.5 ಎಂದರೆ ವರ್ಷಕ್ಕೆ ಸುಮಾರು ಶೇ 4.14. ವಾರ್ಷಿಕ ದರವನ್ನೇ ನೇರವಾಗಿ ಸಮೀಕರಣಕ್ಕೆ ತುರುಕಿದರೆ ಬಡ್ಡಿಯ ಪ್ರಭಾವ ಹತ್ತಿರ ಹತ್ತಿರ ಮಾಯವಾಗುತ್ತದೆ. "ಬಡ್ಡಿಯಿಂದ ಏನೂ ಆಗುವುದಿಲ್ಲ" ಎಂಬ ತಪ್ಪು ತೀರ್ಮಾನ ಹುಟ್ಟುವುದು ಹಾಗೆ.

ಸಾಲಗಾರ

ಮೊದಲನೆಯವನ ಆದಾಯ ಇಂದು 100, ನಾಳೆ 180. ವೃತ್ತಿಯ ಆರಂಭದಲ್ಲಿರುವವನು, ದೊಡ್ಡ ಗಳಿಕೆ ಮುಂದಿದೆ. `R = 1.2` ಇದ್ದಾಗ ಅವನ ಸಂಪತ್ತು 100 + 180/1.2 = 100 + 150 = 250. ಅರ್ಧ ಇಂದಿಗೆ: 125. ಕೈಯಲ್ಲಿರುವುದು 100, ಹಾಗಾಗಿ 25 ಸಾಲ. ನಾಳೆ 25 × 1.2 = 30 ತೀರಿಸಿ 150 ಉಳಿಯುತ್ತದೆ.

ಈಗ `R` 1.5ಕ್ಕೆ ಏರಲಿ. ನಾಳೆಯ 180ರ ಇಂದಿನ ಮೌಲ್ಯ 150ರಿಂದ 120ಕ್ಕೆ ಕುಸಿಯುತ್ತದೆ. ಸಂಪತ್ತು 220, ಇಂದಿನ ಖರ್ಚು 110, ಸಾಲ 10. ನಾಳೆ 15 ತೀರಿಸಿ 165 ಖರ್ಚು. ಸರಿನೋಡಿ: 165/110 = 1.5. ಇಳಿಜಾರು ಹೊಂದಿತು.

ಇಂದಿನ ಖರ್ಚು ಇಳಿದದ್ದು 15. ಇದರಲ್ಲಿ ಎರಡು ಬೇರೆ ಬೇರೆ ಶಕ್ತಿಗಳು ಬೆರೆತಿವೆ. ಒಂದು, ನಾಳೆಯ ಖರ್ಚು ಅಗ್ಗವಾದ್ದರಿಂದ ಇಂದಿನದನ್ನು ಬಿಟ್ಟು ನಾಳೆಯತ್ತ ವಾಲುವುದು. ಇದು ಬದಲಿ ಪರಿಣಾಮ. ಎರಡು, ಸಾಲದ ಮೇಲೆ ಹೆಚ್ಚು ಬಡ್ಡಿ ಕಟ್ಟಬೇಕಾದ್ದರಿಂದ ಒಟ್ಟಾರೆ ಬಡವನಾಗುವುದು; ಇದು ಆದಾಯ ಪರಿಣಾಮ. ಎರಡನ್ನೂ ಬೇರ್ಪಡಿಸಲು ರಷ್ಯಾದ ಯೆವ್ಗೆನಿ ಸ್ಲಟ್ಸ್ಕಿ 1915ರಲ್ಲಿ ತೋರಿಸಿದ ಉಪಾಯ ಹೀಗಿದೆ: ಹೊಸ ಬಡ್ಡಿಯಲ್ಲೂ ಹಳೆಯ ಆಯ್ಕೆ ಸರಿಯಾಗಿ ಕೈಗೆಟಕುವಷ್ಟು ಹಣವನ್ನು ಅವನಿಗೆ ಕಾಲ್ಪನಿಕವಾಗಿ ಕೊಟ್ಟು, ಆಗ ಏನು ಆರಿಸುತ್ತಾನೆ ಎಂದು ನೋಡುವುದು.

ಹಳೆಯ ಆಯ್ಕೆ 125 ಮತ್ತು 150. ಹೊಸ ಬೆಲೆಯಲ್ಲಿ ಅದಕ್ಕೆ ಬೇಕಾದ್ದು 125 + 150/1.5 = 225. ಅಷ್ಟು ಸಂಪತ್ತಿದ್ದರೆ ಅವನು ಇಂದು ಖರ್ಚು ಮಾಡುವುದು ಅರ್ಧ, 112.5. ಆದ್ದರಿಂದ 125ರಿಂದ 112.5ಕ್ಕೆ ಇಳಿದದ್ದು ಬದಲಿ ಪರಿಣಾಮ: −12.5. ಅವನ ನಿಜವಾದ ಸಂಪತ್ತು 225 ಅಲ್ಲ, 220. 112.5ರಿಂದ 110ಕ್ಕೆ ಇಳಿದದ್ದು ಆದಾಯ ಪರಿಣಾಮ: −2.5.

ಆ 5ರ ಕೊರತೆ ಎಲ್ಲಿಂದ ಬಂತು ಎಂಬುದನ್ನು ಬೇರೆ ದಾರಿಯಿಂದಲೂ ತಾಳೆ ನೋಡಬಹುದು, ನೋಡಲೇಬೇಕು. ಹಳೆಯ ಸಾಲ 25. ಅದರ ಮೇಲೆ ಪ್ರತಿ ಘಟಕಕ್ಕೆ 0.3 ಹೆಚ್ಚುವರಿ ಬಡ್ಡಿ, ಒಟ್ಟು 7.5, ಅದು ನಾಳೆ ಕೊಡಬೇಕಾದದ್ದು. ಇಂದಿನ ಮೌಲ್ಯಕ್ಕೆ ಇಳಿಸಿದರೆ 7.5/1.5 = 5. ಎರಡು ದಾರಿಯಲ್ಲೂ ಒಂದೇ ಸಂಖ್ಯೆ ಬರದಿದ್ದರೆ ಎಲ್ಲೋ ಹಳೆಯ `R`ನಿಂದ ಭಾಗಿಸಿದ್ದೀರಿ ಎಂದು ತಿಳಿಯಿರಿ. ಈ ಲೆಕ್ಕದಲ್ಲಿ ಅತಿ ಸಾಮಾನ್ಯವಾದ ಎಡವಟ್ಟು ಅದೇ.

ಬ್ರಿಟಿಷ್ ಅರ್ಥಶಾಸ್ತ್ರಜ್ಞ ಜಾನ್ ಹಿಕ್ಸ್ ಅವರ ವಿಭಜನೆಯನ್ನು ಬಳಸುವವರು ಹಳೆಯ ಆಯ್ಕೆಯ ಬದಲು ಹಳೆಯ ತೃಪ್ತಿಯ ಮಟ್ಟವನ್ನು ಹಿಡಿದಿಡುತ್ತಾರೆ. ಆಗ ಬೇಕಾಗುವ ಸಂಪತ್ತು ಸುಮಾರು 223.6, ಬದಲಿ ಪರಿಣಾಮ −13.2, ಆದಾಯ ಪರಿಣಾಮ −1.8. ಒಟ್ಟು ಅದೇ −15. ಯಾವ ವಿಧಾನವೆಂದು ಮೊದಲೇ ಹೇಳಿಬಿಟ್ಟರೆ ಜಗಳವಿಲ್ಲ.

ಉಳಿಸುವವಳು ಮತ್ತು ನಿವೃತ್ತಿಯ ಅಂಚಿನವರು

ಎರಡನೆಯವಳ ಆದಾಯ ಇಂದು 200, ನಾಳೆ 60. ಹಳೆಯ ಬಡ್ಡಿಯಲ್ಲಿ ಸಂಪತ್ತು 200 + 50 = 250. ಖರ್ಚು 125, ಉಳಿತಾಯ 75; ನಾಳೆ 60 + 90 = 150. ಸಾಲಗಾರನ ಆಯ್ಕೆಯೇ, ತಲುಪಿದ ದಾರಿ ಮಾತ್ರ ಎದುರು ದಿಕ್ಕಿನದು.

ಬಡ್ಡಿ 1.5 ಆದಾಗ ಅವಳ ಸಂಪತ್ತು 200 + 40 = 240. ಇಂದಿನ ಖರ್ಚು 120, ಉಳಿತಾಯ 80, ನಾಳೆ 60 + 120 = 180. ಹಳೆಯ ಆಯ್ಕೆ ಸಾಲಗಾರನದೇ ಆದ್ದರಿಂದ, ಅದನ್ನು ಕೈಗೆಟಕಿಸಲು ಬೇಕಾದ 225 ಅವಳಿಗೂ ಅಷ್ಟೇ, ಬದಲಿ ಪರಿಣಾಮವೂ ಅದೇ −12.5. ಆದರೆ ಅವಳ ಕೈಯಲ್ಲಿರುವುದು 240, ಅಗತ್ಯಕ್ಕಿಂತ 15 ಹೆಚ್ಚು. 75ರ ಉಳಿತಾಯಕ್ಕೆ ಬಂದ 22.5 ಹೆಚ್ಚುವರಿ ಬಡ್ಡಿಯ ಇಂದಿನ ಮೌಲ್ಯ ಅದು. ಅದರ ಅರ್ಧ, +7.5, ಆದಾಯ ಪರಿಣಾಮ. ಒಟ್ಟು −5.

ಮೂರನೆಯವರು ಇಂದು 250 ಗಳಿಸುತ್ತಾರೆ, ನಾಳೆ ಏನೂ ಇಲ್ಲ. 125 ಖರ್ಚು, 125 ಉಳಿತಾಯ. ಬಡ್ಡಿ ಏರಿದರೂ ಸಂಪತ್ತು 250ರಲ್ಲೇ ಇರುತ್ತದೆ, ಯಾಕೆಂದರೆ ಇಂದಿನ ಮೌಲ್ಯಕ್ಕೆ ಇಳಿಸಬೇಕಾದ ನಾಳೆಯ ಆದಾಯವೇ ಅವರಿಗಿಲ್ಲ. ಬದಲಿ ಪರಿಣಾಮ −12.5, ಆದಾಯ ಪರಿಣಾಮ +12.5. ಇಂದಿನ ಖರ್ಚು 125, ನಾಳೆಯದು 150ರಿಂದ 187.5ಕ್ಕೆ ಜಿಗಿಯುತ್ತದೆ.

ಚಿತ್ರ ಬರೆದರೆ ಇದೆಲ್ಲ ಒಂದೇ ನೋಟಕ್ಕೆ ಕಾಣುತ್ತದೆ. ಅಡ್ಡ ಅಕ್ಷದಲ್ಲಿ `c1`, ಲಂಬ ಅಕ್ಷದಲ್ಲಿ `c2`. ಹಳೆಯ ಬಡ್ಡಿಯಲ್ಲಿ ಮೂವರ ಬಜೆಟ್ ರೇಖೆಯೂ ಒಂದೇ, ಆರಿಸಿದ ಬಿಂದುವೂ ಒಂದೇ. ಬೇರೆಯಾಗಿರುವುದು ಆ ರೇಖೆಯ ಮೇಲೆ ಅವರ ಆದಾಯದ ಬಿಂದು ಎಲ್ಲಿದೆ ಎಂಬುದು ಮಾತ್ರ. ಬಡ್ಡಿ ಏರಿದಾಗ ರೇಖೆ ಕಡಿದಾಗುತ್ತದೆ, ಆದರೆ ಆದಾಯದ ಬಿಂದುವನ್ನು ತಿರುಗುಣಿಯಾಗಿಟ್ಟುಕೊಂಡು ತಿರುಗುತ್ತದೆ. ಸಾಲವನ್ನೂ ಮಾಡದೆ, ಉಳಿಸದೆ, ಬಂದದ್ದನ್ನು ಬಂದಂತೆ ಖರ್ಚು ಮಾಡುವ ಅವಕಾಶ ಯಾವ ಬಡ್ಡಿಯಲ್ಲೂ ಇದ್ದೇ ಇರುತ್ತದಲ್ಲ, ಅದಕ್ಕೆ. ರೇಖೆಯನ್ನು ಹಳೆಯ ಆಯ್ಕೆಯ ಸುತ್ತಲೋ ಅಕ್ಷದ ತುದಿಯ ಸುತ್ತಲೋ ತಿರುಗಿಸಿದ ಚಿತ್ರ ಕಂಡರೆ ಮುಂದಿನ ತೀರ್ಮಾನವನ್ನು ಓದುವ ಅಗತ್ಯವಿಲ್ಲ. ಅಕ್ಷದ ತುದಿಯ ಸುತ್ತ ತಿರುಗುವುದು ನಮ್ಮ ಮೂರನೆಯವರಂಥವರ ವಿಷಯದಲ್ಲಿ ಮಾತ್ರ ಸರಿ.

ಎರಡು ವಿಭಜನೆಗಳ ಗೊಂದಲ

ಇಲ್ಲಿ ಓದುಗರನ್ನು ಕಾಡುವ ಒಂದು ತೊಡಕಿದೆ. ಸಾಲಗಾರನ ಸಂಪತ್ತು 250ರಿಂದ 220ಕ್ಕೆ ಬಿತ್ತು, 30 ನಷ್ಟ. ಆದರೆ ಆದಾಯ ಪರಿಣಾಮಕ್ಕೆ ನಾವು ಲೆಕ್ಕಕ್ಕೆ ತೆಗೆದುಕೊಂಡ ನಷ್ಟ 5 ಮಾತ್ರ. ಇನ್ನು ಉಳಿಸುವವಳ ಸಂಪತ್ತು 250ರಿಂದ 240ಕ್ಕೆ ಇಳಿದಿದೆ, ಆದರೂ ಅವಳು ಲಾಭದಲ್ಲಿದ್ದಾಳೆ ಎಂದೆವು. ಇದು ಹೇಗೆ?

ಉತ್ತರ: 250 ಮತ್ತು 220 ಎರಡೂ ಇಂದಿನ ಖರ್ಚಿನ ಅಳತೆಯಲ್ಲಿವೆ, ಆದರೆ ಬೇರೆ ಬೇರೆ ಬೆಲೆಗಳಲ್ಲಿ. ನಾಳೆಯ ಆದಾಯದ ಇಂದಿನ ಮೌಲ್ಯ ಇಳಿದಾಗ ನಾಳೆಯ ಖರ್ಚಿನ ಇಂದಿನ ಬೆಲೆಯೂ ಅದೇ ಪ್ರಮಾಣದಲ್ಲಿ ಇಳಿದಿದೆ. ಹಳೆಯ ಆಯ್ಕೆಗೆ ಮುಂಚೆ 250 ಬೇಕಿತ್ತು, ಈಗ 225 ಸಾಕು. ಬಡವರಾದೆವೋ ಇಲ್ಲವೋ ಎಂಬುದನ್ನು 250ರ ಜೊತೆಗಲ್ಲ, 225ರ ಜೊತೆಗೆ ಹೋಲಿಸಿ ತಿಳಿಯಬೇಕು.

ಕೆಲವರು ಮೂರು ತುಂಡು ಮಾಡುವ ವಿಧಾನ ಅನುಸರಿಸುತ್ತಾರೆ. ಅದರಲ್ಲಿ ಮೊದಲು ಒಟ್ಟು ಸಂಪತ್ತನ್ನು 250ರಲ್ಲೇ ಹಿಡಿದಿಟ್ಟು ಬೆಲೆಯನ್ನಷ್ಟೇ ಬದಲಿಸುತ್ತಾರೆ. ನಮ್ಮ ಅಭಿರುಚಿಯಲ್ಲಿ ಆಗ ಇಂದಿನ ಖರ್ಚು 125ರಲ್ಲೇ ನಿಲ್ಲುತ್ತದೆ. ಬದಲಿ ಪರಿಣಾಮದ −12.5 ಮತ್ತು ನಾಳೆಯ ಖರ್ಚು ಅಗ್ಗವಾದ್ದರ ಆದಾಯ ಪರಿಣಾಮ +12.5 ಒಂದನ್ನೊಂದು ಹೊಡೆದುಹಾಕುತ್ತವೆ. ಆಮೇಲೆ ಮೂರನೆಯ ತುಂಡು: ನಾಳೆಯ ಆದಾಯದ ಇಂದಿನ ಮೌಲ್ಯ 30ರಷ್ಟು ಇಳಿದದ್ದರ ಅರ್ಧ, −15. ಒಟ್ಟು −15. ಉಳಿಸುವವಳಿಗೆ ಇದೇ ತುಂಡು −5, ಮೂರನೆಯವರಿಗೆ ಸೊನ್ನೆ.

ಎರಡೂ ವಿಧಾನ ಸರಿ. ತಪ್ಪಾಗುವುದು ಬೆರೆಸಿದಾಗ. ಎರಡು ತುಂಡಿನ ಲೆಕ್ಕದ ಆದಾಯ ಪರಿಣಾಮಕ್ಕೆ ಮೂರು ತುಂಡಿನ ಲೆಕ್ಕದ ಸಂಪತ್ತಿನ ಪರಿಣಾಮವನ್ನೂ ಸೇರಿಸಿದರೆ ಸಾಲಗಾರನ ಇಳಿಕೆ −12.5 − 2.5 − 15 = −30 ಆಗಿಬಿಡುತ್ತದೆ, ಒಂದೇ ನಷ್ಟ ಎರಡು ಬಾರಿ ಎಣಿಕೆಯಾಗುತ್ತದೆ. ತುಂಡುಗಳ ಮೊತ್ತ ನೇರ ಲೆಕ್ಕದ 110ಕ್ಕೆ ಬಂದು ನಿಲ್ಲುತ್ತಿದೆಯೇ ಎಂದು ನೋಡಿದರೆ ಈ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ.

ಉಳಿಸುವವಳು ಖರ್ಚು ಹೆಚ್ಚಿಸುವುದು ಯಾವಾಗ

ಇಲ್ಲಿಯವರೆಗೆ ಯಾರ ಇಂದಿನ ಖರ್ಚೂ ಏರಲಿಲ್ಲ. ಅದು ನಾವು ಆರಿಸಿದ `ln` ರೂಪದ ಕೊಡುಗೆ, ಜಗತ್ತಿನ ನಿಯಮವಲ್ಲ. ಆ ರೂಪದಲ್ಲಿ ಕಾಲಾಂತರ ಬದಲಿಯ ಸ್ಥಿತಿಸ್ಥಾಪಕತ್ವ ಸರಿಯಾಗಿ 1: `R` ಶೇ 1 ಏರಿದರೆ `c2/c1` ಅನುಪಾತವೂ ಶೇ 1 ಏರುತ್ತದೆ. ಇಂದು ನಾಳೆಗಳ ನಡುವೆ ಖರ್ಚನ್ನು ಸರಿಸಲು ಅಷ್ಟು ಸುಲಭವಾಗಿ ಒಪ್ಪದವರಲ್ಲಿ ಈ ಸಂಖ್ಯೆ ಕಡಿಮೆ.

ತೀರಾ ಹಟಮಾರಿಯನ್ನು ಮೊದಲು ನೋಡೋಣ: ಬಡ್ಡಿ ಏನೇ ಆಗಲಿ, ನಾಳೆಯ ಖರ್ಚು ಇಂದಿನದರ 1.2 ಪಟ್ಟೇ ಇರಬೇಕು ಎನ್ನುವವರು. ಹಳೆಯ ಬಡ್ಡಿಯಲ್ಲಿ ಇವರೂ 125 ಮತ್ತು 150ನ್ನೇ ಆರಿಸುತ್ತಾರೆ. ಹೊಸದರಲ್ಲಿ `c1 + 1.2·c1/1.5 = 1.8·c1 = W`. ಉಳಿಸುವವಳ ಸಂಪತ್ತು 240 ಆದ್ದರಿಂದ ಇಂದಿನ ಖರ್ಚು 133.3, ಮುಂಚಿಗಿಂತ 8.3 ಹೆಚ್ಚು. ಬದಲಿ ಪರಿಣಾಮ ಸೊನ್ನೆ, ಇರುವುದೆಲ್ಲ ಆದಾಯ ಪರಿಣಾಮ. ಹೆಚ್ಚು ಬಡ್ಡಿ ಬರುವುದರಿಂದ ಅದೇ ಗುರಿಯನ್ನು ಕಡಿಮೆ ಉಳಿತಾಯದಲ್ಲೇ ಮುಟ್ಟಬಹುದು ಎಂಬ ಲೆಕ್ಕ ಇದು. ನಿವೃತ್ತಿಗೆಂದು ಇಂತಿಷ್ಟು ಮೊತ್ತ ಕೂಡಿಸಬೇಕೆಂದು ಹೊರಟವರ ನಡವಳಿಕೆ ಇದಕ್ಕೆ ಹತ್ತಿರ.

ಮಧ್ಯದಲ್ಲಿ, ಸ್ಥಿತಿಸ್ಥಾಪಕತ್ವ 0.5 ಇದ್ದರೆ, ಬಡ್ಡಿ 1.25 ಪಟ್ಟಾದಾಗ ಅನುಪಾತ ಅದರ ವರ್ಗಮೂಲದಷ್ಟು, ಸುಮಾರು 1.118 ಪಟ್ಟು, ಮಾತ್ರ ಏರುತ್ತದೆ. ಲೆಕ್ಕ ಹಾಕಿದರೆ ಉಳಿಸುವವಳ ಬದಲಿ ಪರಿಣಾಮ ಸುಮಾರು −6.2, ಆದಾಯ ಪರಿಣಾಮ ಸುಮಾರು +7.9. ಇಂದಿನ ಖರ್ಚು 125ರಿಂದ 126.7ಕ್ಕೆ ತುಸು ಏರುತ್ತದೆ. ಅವಳ ಉತ್ತರ ಇಳಿಕೆಯಿಂದ ಏರಿಕೆಗೆ ತಿರುಗುವ ಬಿಂದು ಸುಮಾರು 0.63. ಆದರೆ ಅದು ಅವಳದ್ದು ಮಾತ್ರ. ನಾಳೆಯ ಆದಾಯವೇ ಇಲ್ಲದ ಮೂರನೆಯವರಿಗೆ ಆ ತಿರುವು 1ರಲ್ಲೇ ಇದೆ. ಸಾಲಗಾರನಿಗೆ ತಿರುವೇ ಇಲ್ಲ: ಹಟಮಾರಿ ಅಭಿರುಚಿಯಲ್ಲೂ ಅವನ ಖರ್ಚು 220/1.8 = 122.2ಕ್ಕೆ ಇಳಿಯುತ್ತದೆ. ಅವನ ವಿಷಯದಲ್ಲಿ ಎರಡೂ ಪರಿಣಾಮಗಳು ಒಂದೇ ದಿಕ್ಕಿಗೆ ಎಳೆಯುವುದರಿಂದ ಉತ್ತರದಲ್ಲಿ ಅನುಮಾನವಿಲ್ಲ. ಅನುಮಾನವೆಲ್ಲ ಉಳಿಸುವವರ ಕಡೆಯದು.

ಬಣ ಬದಲಿಸುವವರು

ಸಾಲಗಾರನಾಗಿದ್ದವನು ಬಡ್ಡಿ ಏರಿದ ಮೇಲೆ ಉಳಿಸುವವನಾಗಬಹುದು. ಆದಾಯ 115 ಮತ್ತು 162 ಇರುವವನು ಹಳೆಯ ಬಡ್ಡಿಯಲ್ಲಿ 10 ಸಾಲ ಮಾಡಿ 125 ಖರ್ಚು ಮಾಡುತ್ತಿದ್ದ. ಹೊಸದರಲ್ಲಿ ಸಂಪತ್ತು 115 + 108 = 223, ಖರ್ಚು 111.5, ಉಳಿತಾಯ 3.5. ಆದಾಯ 120 ಮತ್ತು 156 ಇರುವವನು 5 ಸಾಲ ಮಾಡುತ್ತಿದ್ದವನು, ಈಗ 112 ಖರ್ಚು ಮಾಡಿ 8 ಉಳಿಸುತ್ತಾನೆ.

ಇಬ್ಬರೂ ಬಣ ಬದಲಿಸಿದರು. ಆದರೆ ಮೊದಲನೆಯವನು ಮುಂಚಿಗಿಂತ ಕೆಟ್ಟ ಸ್ಥಿತಿಯಲ್ಲಿದ್ದಾನೆ, ಎರಡನೆಯವನು ತುಸು ಉತ್ತಮ ಸ್ಥಿತಿಯಲ್ಲಿ. ನಮ್ಮ ಅಭಿರುಚಿಯಲ್ಲಿ ತೃಪ್ತಿಯನ್ನು `c1 × c2` ಗುಣಲಬ್ಧದಿಂದ ಹೋಲಿಸಬಹುದು: ಮುಂಚೆ ಇಬ್ಬರದೂ 125 × 150 = 18,750. ಈಗ ಮೊದಲನೆಯವನದು 111.5 × 167.25, ಸುಮಾರು 18,648; ಎರಡನೆಯವನದು 112 × 168 = 18,816. "ಬಡ್ಡಿ ಏರಿದರೆ ಸಾಲಗಾರರಿಗೆಲ್ಲ ನಷ್ಟ" ಎಂಬುದು ಹೊಸ ಬಡ್ಡಿಯಲ್ಲೂ ಸಾಲಗಾರರಾಗಿಯೇ ಉಳಿದವರಿಗೆ ಮಾತ್ರ ಖಚಿತವಾಗಿ ಅನ್ವಯಿಸುತ್ತದೆ.

ತಿರುಗು ಮುರುಗು ಆಗುವುದಿಲ್ಲ. ಉಳಿಸುತ್ತಿದ್ದವರು ಬಡ್ಡಿ ಏರಿದ್ದರಿಂದ ಸಾಲಗಾರರಾಗುವುದು ಅಸಾಧ್ಯ, ಅಭಿರುಚಿ ಯಾವುದೇ ಇರಲಿ. ಕಡಿದಾದ ಹೊಸ ರೇಖೆಯ ಸಾಲದ ಭಾಗವೆಲ್ಲ ಹಳೆಯ ರೇಖೆಯ ಕೆಳಗೆ ಬೀಳುತ್ತದೆ. ಆ ಬಿಂದುಗಳು ಮುಂಚೆಯೂ ಕೈಗೆಟಕುತ್ತಿದ್ದವು, ಅವಳು ಅವನ್ನು ಆಗಲೇ ಬೇಡವೆಂದಿದ್ದಳು. ನಿಮ್ಮ ಲೆಕ್ಕಪತ್ರ ಅಂಥ ಫಲಿತಾಂಶ ತೋರಿಸಿದರೆ ಚಿಹ್ನೆ ತಪ್ಪಾಗಿದೆ ಎಂದೇ ಅರ್ಥ.

ಎರಡು ದರ, ಸಾಲದ ಮಿತಿ

ಇನ್ನು ಸಡಿಲಿಸುತ್ತೇವೆ ಎಂದಿದ್ದ ಊಹೆ. ಉಳಿತಾಯಕ್ಕೆ 1.2, ಸಾಲಕ್ಕೆ 1.5 ದರ ಇದೆ ಎನ್ನಿ. ಬಜೆಟ್ ರೇಖೆ ಆದಾಯದ ಬಿಂದುವಿನಲ್ಲಿ ಮುರಿಯುತ್ತದೆ; ಎಡಗಡೆ ಮಂದ ಇಳಿಜಾರು, ಬಲಗಡೆ ಕಡಿದು. ಆದಾಯ 120 ಮತ್ತು 156 ಇದ್ದವನನ್ನು ಮತ್ತೆ ಕರೆಯೋಣ. ಉಳಿತಾಯದ ದರದಲ್ಲಿ ಅವನು ಬಯಸುವುದು 125; ಅದಕ್ಕೆ ಸಾಲ ಬೇಕು, ಆದರೆ ಆ ದರದಲ್ಲಿ ಸಾಲ ಸಿಗದು. ಸಾಲದ ದರದಲ್ಲಿ ಬಯಸುವುದು 112; ಅದಕ್ಕೆ ಸಾಲವೇ ಬೇಡ. ಕೊನೆಗೆ ಅವನು 120ರಲ್ಲೇ ನಿಲ್ಲುತ್ತಾನೆ. ಪರೀಕ್ಷೆ ಸುಲಭ: ಆದಾಯದ ಬಿಂದುವಿನಲ್ಲಿ ಸೀಮಾಂತ ಬದಲಿ ದರ 156/120 = 1.3, ಅದು 1.2 ಮತ್ತು 1.5ರ ನಡುವೆ ಇದೆ. ನಡುವೆ ಇರುವಷ್ಟು ಕಾಲ ದರಗಳು ತುಸು ಏರಿದರೂ ಇಳಿದರೂ ಅವನು ಅಲುಗಾಡುವುದಿಲ್ಲ. ಕೈಗೆ ಬಂದದ್ದನ್ನು ಹಾಗೇ ಖರ್ಚು ಮಾಡುವವರನ್ನೆಲ್ಲ ದೂರದೃಷ್ಟಿಯಿಲ್ಲದವರು ಎನ್ನುವ ಮೊದಲು ಈ ಮುರಿವನ್ನು ನೆನೆಯುವುದು ಒಳ್ಳೆಯದು.

ಸಾಲದ ಮಿತಿ ಇದ್ದಾಗ ಆಗುವುದು ಇನ್ನೂ ವಿಚಿತ್ರ. ನಮ್ಮ ಮೊದಲ ಸಾಲಗಾರನಿಗೆ 10ಕ್ಕಿಂತ ಹೆಚ್ಚು ಸಾಲ ಯಾರೂ ಕೊಡುವುದಿಲ್ಲ ಎನ್ನಿ. ಹಳೆಯ ಬಡ್ಡಿಯಲ್ಲಿ ಅವನಿಗೆ 25 ಬೇಕಿತ್ತು, ಸಿಕ್ಕಿದ್ದು 10; ಹಾಗಾಗಿ ಇಂದಿನ ಖರ್ಚು 110, ನಾಳೆಯದು 180 − 12 = 168. ಬಡ್ಡಿ 1.5ಕ್ಕೆ ಏರಿದಾಗ ಅವನು ತಾನಾಗಿಯೇ ಬಯಸುವ ಸಾಲ 10. ಇಂದಿನ ಖರ್ಚು ಮತ್ತೆ 110. ಅಭಿರುಚಿ ಅದೇ, ಆದಾಯ ಅದೇ, ಬಡ್ಡಿ ಮಾತ್ರ ಅಷ್ಟು ಏರಿದೆ. ಇಂದಿನ ಖರ್ಚಿನಲ್ಲಿ ಬದಲಾವಣೆ ಸೊನ್ನೆ. ಏಟು ಬಿದ್ದದ್ದು ನಾಳೆಯ ಖರ್ಚಿಗೆ, 168ರಿಂದ 165ಕ್ಕೆ. ಇಂಥವರನ್ನು ನೋಡಿ "ಇವರಿಗೆ ಬಡ್ಡಿಯ ಪರಿವೆಯೇ ಇಲ್ಲ" ಎನ್ನುವುದು ತಪ್ಪು ಓದು. ಅವರನ್ನು ಕಟ್ಟಿಹಾಕಿರುವುದು ಬೆಲೆಯಲ್ಲ, ಮಿತಿ. ಗುರುತಿಸುವ ಬಗೆ ಇದು: ಇಂದಿನ ಆದಾಯ ಒಂದು ಘಟಕ ಹೆಚ್ಚಾದಾಗ ಇಂದಿನ ಖರ್ಚು ಹೆಚ್ಚುಕಡಿಮೆ ಒಂದು ಘಟಕವೇ ಏರಿದರೆ ಮಿತಿ ಬಿಗಿದಿದೆ, ಅರ್ಧ ಘಟಕ ಏರಿದರೆ ಮಿತಿಯಿಲ್ಲ.

ಹಳೆಯ ಸಾಲದ ವಿಷಯದಲ್ಲೂ ಎಚ್ಚರ ಬೇಕು. ಮೇಲಿನ ಲೆಕ್ಕವೆಲ್ಲ ಬಡ್ಡಿ ಏರಿದ ಮೇಲೆ ಹೊಸದಾಗಿ ನಿರ್ಧರಿಸುವವರದ್ದು. ಸ್ಥಿರ ದರದಲ್ಲಿ 25 ಸಾಲವನ್ನು ಮೊದಲೇ ಪಡೆದು, ನಾಳೆ 30 ಮಾತ್ರ ಕೊಡಬೇಕಾದವನ ಆದಾಯದ ಬಿಂದು ಈಗ 125 ಮತ್ತು 150ಕ್ಕೆ ಸರಿದುಬಿಟ್ಟಿದೆ. ಅವನ ಸಂಪತ್ತು 225, ಖರ್ಚು 112.5, ಅವನಿಗೆ ಬದಲಿ ಪರಿಣಾಮ ಮಾತ್ರ ಇದೆ, ಆದಾಯ ಪರಿಣಾಮ ಇಲ್ಲ. ಬದಲಾಗುವ ದರದ ಸಾಲವಾದರೆ ಲೆಕ್ಕ ಮೊದಲಿನ 110ಕ್ಕೇ ಮರಳುತ್ತದೆ.

ಹಣದುಬ್ಬರವನ್ನು ಮರೆತವರಿಗೆ ಒಂದೇ ಸಂಖ್ಯೆ ಸಾಕು. ಬ್ಯಾಂಕಿನ ದರ 1.2ರಿಂದ 1.5ಕ್ಕೆ ಏರಿತು, ಅದೇ ಅವಧಿಯಲ್ಲಿ ಬೆಲೆಗಳು ಶೇ 25 ಏರುತ್ತವೆ ಎಂದು ಎಲ್ಲರೂ ನಿರೀಕ್ಷಿಸುತ್ತಾರೆ, ಆದಾಯವೂ ಬೆಲೆಯ ಜೊತೆಗೆ ಏರುತ್ತದೆ. ನೈಜ `R` 1.5/1.25 = 1.2. ಏನೂ ಬದಲಾಗಿಲ್ಲ, ಮೂವರೂ 125ರಲ್ಲೇ ಇರುತ್ತಾರೆ.

ಎಲ್ಲರನ್ನೂ ಕೂಡಿಸಿದಾಗ

ಒಬ್ಬೊಬ್ಬರ ಉತ್ತರ ಇಷ್ಟು ಬೇರೆಯಾದರೆ ಇಡೀ ಆರ್ಥಿಕತೆಯ ಬಗ್ಗೆ ಏನು ಹೇಳಬಹುದು? ಮೂರು ಸಾಲಗಾರರು ಮತ್ತು ಒಬ್ಬ ಉಳಿಸುವವಳು ಇರುವ ಪುಟ್ಟ ಲೋಕವನ್ನು ತೆಗೆದುಕೊಳ್ಳಿ. ಹಳೆಯ ಬಡ್ಡಿಯಲ್ಲಿ ಸಾಲಗಾರರಿಗೆ ಒಟ್ಟು 75 ಬೇಕು, ಅವಳು ಉಳಿಸುವುದೂ 75. ಲೆಕ್ಕ ಸರಿಹೋಗುತ್ತದೆ. ಬಡ್ಡಿ 1.5 ಆದಾಗ ಸಾಲಗಾರರ ಆದಾಯ ಪರಿಣಾಮ ಮೂರು ಬಾರಿ −2.5, ಒಟ್ಟು −7.5. ಅವಳದು +7.5. ಒಬ್ಬರು ಕಟ್ಟುವ ಬಡ್ಡಿಯೇ ಇನ್ನೊಬ್ಬರಿಗೆ ಬರುವ ಬಡ್ಡಿಯಾದ್ದರಿಂದ, ಮತ್ತು ಇಬ್ಬರೂ ಸಂಪತ್ತಿನ ಅದೇ ಪಾಲನ್ನು ಇಂದು ಖರ್ಚು ಮಾಡುವುದರಿಂದ, ಅವು ಸರಿಯಾಗಿ ರದ್ದಾಗುತ್ತವೆ. ಉಳಿಯುವುದು ನಾಲ್ವರ ಬದಲಿ ಪರಿಣಾಮ, −50. ನೇರವಾಗಿ ಕೂಡಿಸಿದರೂ ಅಷ್ಟೇ: ಮೂರು ಬಾರಿ −15, ಒಂದು −5.

ಇಬ್ಬರ ಪಾಲು ಒಂದೇ ಆಗಿರದಿದ್ದರೆ ಈ ರದ್ದತಿ ಪೂರ್ತಿಯಾಗುವುದಿಲ್ಲ. ಬಡ್ಡಿ ಕಟ್ಟುವವರು ಪ್ರತಿ ಘಟಕದ ನಷ್ಟಕ್ಕೆ ಇಂದಿನ ಖರ್ಚನ್ನು ಹೆಚ್ಚು ಕಡಿತ ಮಾಡಿ, ಪಡೆಯುವವರು ಲಾಭದ ಸ್ವಲ್ಪವನ್ನೇ ಇಂದು ಖರ್ಚು ಮಾಡಿದರೆ, ಒಟ್ಟು ಇಳಿಕೆ 50ನ್ನು ಮೀರುತ್ತದೆ. ಇನ್ನೊಂದು ವಿಷಯವನ್ನೂ ಗಮನಿಸಬೇಕು: 1.5ರಲ್ಲಿ ಸಾಲಗಾರರಿಗೆ ಬೇಕಾದದ್ದು 30, ಉಳಿತಾಯ 80. ಈ ನಾಲ್ವರೇ ಇರುವ ಲೋಕದಲ್ಲಿ ಆ ದರ ನಿಲ್ಲಲಾರದು, ಮತ್ತೆ 1.2ರತ್ತ ಜಾರುತ್ತದೆ. ಅದು 1.5ರಲ್ಲೇ ನಿಂತಿದೆ ಎಂದರೆ ಉಳಿದ 50ನ್ನು ಹೊರಗಿನವರು ಯಾರೋ, ಸರ್ಕಾರವೋ ಉದ್ದಿಮೆಯೋ ವಿದೇಶವೋ, ಸಾಲವಾಗಿ ತೆಗೆದುಕೊಳ್ಳುತ್ತಿದ್ದಾರೆ. ಅವರು ಆ 50ನ್ನು ಏನಕ್ಕೆ ಬಳಸುತ್ತಿದ್ದಾರೆ ಎಂಬುದನ್ನು ಲೆಕ್ಕಕ್ಕೆ ಸೇರಿಸದೆ ಇಂದಿನ ಒಟ್ಟು ಬೇಡಿಕೆ 50ರಷ್ಟು ಕುಸಿಯಿತು ಎಂದು ಬರೆಯಲಾಗದು.